ಮಾರ್ಫಿನ್ ಕೊಟ್ಟ ಮಗುವನ್ನು ಮತ್ತೆ ಮತ್ತೆ ಎಬ್ಬಿಸಿ ನೋಡುವುದು ಯಾಕೆ?

ಓದುಗರ ಪ್ರಶ್ನೆ: "ನನ್ನ ಮಗನಿಗೆ 6 ವರ್ಷ, ತೂಕ 20 ಕೆ.ಜಿ. ತೊಡೆಯ ಮೂಳೆ ಮುರಿದು ಆಪರೇಷನ್ ಆಯಿತು. ರಾತ್ರಿ 9ರ ಹೊತ್ತಿಗೆ ನೋವು ಶುರುವಾಗಿ ಕಿರುಚಾಡಿದ. ಮಾರ್ಫಿನ್ 1 ಮಿ.ಗ್ರಾಂ ಕೊಟ್ಟರು, ಸಾಲಲಿಲ್ಲ. ಹತ್ತು ನಿಮಿಷ ಬಿಟ್ಟು ಅರ್ಧ, ಮತ್ತೆ ಹತ್ತು ನಿಮಿಷ ಬಿಟ್ಟು ಇನ್ನರ್ಧ. ಒಂದೇ ಸಲ ಕೊಟ್ಟಿದ್ದರೆ ಅಷ್ಟು ಹೊತ್ತು ಒದ್ದಾಡುತ್ತಿರಲಿಲ್ಲ ಅಲ್ವಾ? ಆಮೇಲೆ ಮಲಗಿದ. ಮೂಗಿಗೆ ಆಕ್ಸಿಜನ್, ಬೆರಳಿಗೆ ಕ್ಲಿಪ್, ಸ್ಕ್ರೀನಿನಲ್ಲಿ 98. ಆದರೂ ನರ್ಸ್ ಬಂದು ಬಂದು ಎಬ್ಬಿಸುತ್ತಿದ್ದರು. ಹತ್ತೂವರೆಗೆ ಕಾಲು ಅಲುಗಿದಾಗ ನರಳಿದ. ಇನ್ನೊಂದು ಡೋಸ್ ಕೊಡಿ ಅಂದೆ. ನರ್ಸ್ ಅವನ ತಂಗಿಯ ಹೆಸರು ಕೇಳಿದರು, ಅರ್ಧ ಹೇಳಿ ಕಣ್ಣು ಮುಚ್ಚಿದ. ಈಗ ಮಾರ್ಫಿನ್ ಬೇಡ ಎಂದು ಪ್ಯಾರಾಸಿಟಮಾಲ್ ಹಾಕಿದರು. ನಿದ್ದೆ ಇಂಜೆಕ್ಷನ್ ಆದರೂ ಕೊಡಿ ಅಂದೆ, ಅದಕ್ಕೂ ಒಪ್ಪಲಿಲ್ಲ. ಮುಂದಿನ ತಿಂಗಳು ಇನ್ನೊಂದು ಆಪರೇಷನ್ ಇದೆ. ನೋವಿಗೆ ಮದ್ದು ಇದ್ದೂ ಯಾಕೆ ಹೀಗೆ? ಇದು ಚಟ ಹಿಡಿಸುತ್ತಾ?"

ಉತ್ತರ:

ನಿಮ್ಮ ಪತ್ರದಲ್ಲಿ ಒಂದು ಸಾಲು ಉಳಿದೆಲ್ಲಕ್ಕಿಂತ ಮುಖ್ಯ. ತಂಗಿಯ ಹೆಸರನ್ನು ಅರ್ಧ ಹೇಳಿ ಕಣ್ಣು ಮುಚ್ಚಿದ ಅಂದಿರಲ್ಲ, ಅದು. ಅಲ್ಲಿಗೆ ಆಮೇಲೆ ಬರುತ್ತೇನೆ. ಮೊದಲು ಆ 1, ಅರ್ಧ, ಅರ್ಧದ ಲೆಕ್ಕ ನೋಡೋಣ.

ಮಕ್ಕಳಿಗೆ ರಕ್ತನಾಳದ ಮೂಲಕ ಕೊಡುವ ಮಾರ್ಫಿನ್ ಸಾಮಾನ್ಯವಾಗಿ ಒಂದು ಕೆ.ಜಿ. ತೂಕಕ್ಕೆ 0.05ರಿಂದ 0.1 ಮಿ.ಗ್ರಾಂ. 20 ಕೆ.ಜಿ. ಮಗುವಿಗೆ 1ರಿಂದ 2 ಮಿ.ಗ್ರಾಂ ಆಯಿತು. ನಿಮ್ಮ ಮಗನಿಗೆ ಕೆಳಗಿನ ತುದಿಯಿಂದ ಶುರು ಮಾಡಿ, ಸಣ್ಣ ಸಣ್ಣ ಮೆಟ್ಟಿಲು ಹತ್ತಿ, ಒಟ್ಟು 2ಕ್ಕೆ ಬಂದು ನಿಂತಿದ್ದಾರೆ. ಅಂದರೆ ಕಡಿಮೆ ಕೊಟ್ಟಿಲ್ಲ. ಪೂರ್ತಿ ಡೋಸನ್ನೇ ಕೊಟ್ಟಿದ್ದಾರೆ, ಬಿಡಿ ಬಿಡಿಯಾಗಿ ಕೊಟ್ಟಿದ್ದಾರೆ ಅಷ್ಟೇ.

ಯಾಕೆ ಬಿಡಿಯಾಗಿ? ತೂಕದಿಂದ ಬರುವ ಸಂಖ್ಯೆ ಒಂದು ಅಂದಾಜು ಮಾತ್ರ. ಒಂದೇ ವಯಸ್ಸು, ಒಂದೇ ತೂಕ, ಒಂದೇ ಆಪರೇಷನ್ ಆದ ಇಬ್ಬರು ಮಕ್ಕಳಲ್ಲಿ ಒಬ್ಬನಿಗೆ 1 ಮಿ.ಗ್ರಾಂ ಸಾಕಾಗಿ ಕಣ್ಣು ಮುಚ್ಚುತ್ತಾನೆ, ಇನ್ನೊಬ್ಬನಿಗೆ 2 ಮಿ.ಗ್ರಾಂ ಕೊಟ್ಟರೂ ಅಳು ನಿಲ್ಲುವುದಿಲ್ಲ. ಯಾರು ಯಾವ ತರಹ ಅಂತ ಕೊಡುವ ಮೊದಲು ಹೇಳಲು ಆಗುವುದಿಲ್ಲ. ಕೊಟ್ಟು ನೋಡಿಯೇ ತಿಳಿಯಬೇಕು. ಪ್ಯಾರಾಸಿಟಮಾಲ್‌ಗೆ ಈ ತೊಂದರೆ ಇಲ್ಲ, ತೂಕ ನೋಡಿ ಲೆಕ್ಕ ಹಾಕಿ ಕೊಟ್ಟುಬಿಡಬಹುದು. ಮಾರ್ಫಿನ್ ಜಾತಿಯ ಮದ್ದುಗಳು ಹಾಗಲ್ಲ. ನೋವು ತಗ್ಗಿಸುವ ಡೋಸಿಗೂ ಉಸಿರು ತಗ್ಗಿಸುವ ಡೋಸಿಗೂ ನಡುವಿನ ಅಂತರ ಪ್ರತಿ ಮಗುವಿನಲ್ಲೂ ಬೇರೆ. ಅದೇ ಮಗುವಿನಲ್ಲೂ ಸಂಜೆ ಒಂದು ತರಹ, ನಡುರಾತ್ರಿ ಇನ್ನೊಂದು ತರಹ.

ಇನ್ನು ಆ ಹತ್ತು ನಿಮಿಷ. ಮಾರ್ಫಿನ್ ರಕ್ತಕ್ಕೆ ಸೇರುವುದು ತಕ್ಷಣ, ಆದರೆ ಮಿದುಳಿಗೆ ನಿಧಾನವಾಗಿ ದಾಟುತ್ತದೆ. ಐದು ನಿಮಿಷಕ್ಕೆ ಕೆಲಸ ಶುರುವಾಗುತ್ತದೆ, ಪೂರ್ತಿ ಪರಿಣಾಮ ಕಾಣುವುದು ಸುಮಾರು 15ರಿಂದ 20 ನಿಮಿಷಕ್ಕೆ. ಆದ್ದರಿಂದ ಮಗು ಅಳುತ್ತಿದೆ ಅಂತ ಎರಡು ನಿಮಿಷಕ್ಕೊಮ್ಮೆ ಕೊಡುತ್ತಾ ಹೋದರೆ ಆಗುವುದೇನು? ಮೂರನೇ ಡೋಸ್ ಒಳಗೆ ಹೋಗುವಾಗ ಮೊದಲನೆಯದು ಇನ್ನೂ ಏರುತ್ತಲೇ ಇರುತ್ತದೆ. ಕಾಲು ಗಂಟೆ ಕಳೆದ ಮೇಲೆ ಮೂರೂ ಒಟ್ಟಿಗೆ ತುದಿ ಮುಟ್ಟುತ್ತವೆ. ಅಷ್ಟು ಹೊತ್ತಿಗೆ ಅಳು ನಿಂತಿರುತ್ತದೆ, ಎಲ್ಲರಿಗೂ ಸಮಾಧಾನವಾಗಿರುತ್ತದೆ, ಕೊಟ್ಟವರು ಬೇರೆ ಮಗುವಿನ ಹತ್ತಿರ ಹೋಗಿರುತ್ತಾರೆ. ತೊಂದರೆ ಆಗುವುದು ಆ ಹೊತ್ತಿನಲ್ಲಿ. ಹತ್ತು ನಿಮಿಷ ಅನ್ನುವುದು ಕೂಡ ಒಂದು ರಾಜಿಯೇ. ಪೂರ್ತಿ 20 ನಿಮಿಷ ಕಾದರೆ ಮಗು ನರಳುತ್ತದೆ, ತೀರಾ ಬೇಗ ಕೊಟ್ಟರೆ ಡೋಸುಗಳು ಒಂದರ ಮೇಲೊಂದು ಕೂರುತ್ತವೆ. ಅದಕ್ಕೇ ಮೊದಲ ಸಲ ಸ್ವಲ್ಪ ದೊಡ್ಡದು, ಆಮೇಲಿನವು ಸಣ್ಣವು.

ಹಾಗಂತ ಮಗು ಅರ್ಧ ಗಂಟೆ ಒದ್ದಾಡಲೇಬೇಕು ಅಂತ ನಾನು ಹೇಳುತ್ತಿಲ್ಲ. ನನ್ನ ಕೆಲಸವೇ ಮಕ್ಕಳಿಗೆ ಅರಿವಳಿಕೆ ಕೊಡುವುದು ಮತ್ತು ಆಪರೇಷನ್ ಆದ ಮೇಲೆ ಅವರ ನೋವು ನೋಡಿಕೊಳ್ಳುವುದು. ನಿಮ್ಮ ಪತ್ರ ಓದಿ ನನಗೆ ಬೇಸರ ಆದದ್ದು ಬೇರೆ ಕಾರಣಕ್ಕೆ. ತೊಡೆಯ ಮೂಳೆ ಆಪರೇಷನ್ನಿನ ಮೊದಲ ರಾತ್ರಿ ನೋವು ಬರುತ್ತದೆ ಅಂತ ಗೊತ್ತೇ ಇರುತ್ತದೆ. ಅದು ಬರುವ ಮೊದಲೇ ಪ್ಯಾರಾಸಿಟಮಾಲ್ ಹೊತ್ತಿಗೆ ಸರಿಯಾಗಿ ಹೋಗುತ್ತಿರಬೇಕಿತ್ತು. ಮಗು ಮಲಗಿರುವಾಗಲೇ ತೊಡೆಯ ನರದ ಹತ್ತಿರ ಮರಗಟ್ಟಿಸುವ ಮದ್ದು ಹಾಕಿ ಬ್ಲಾಕ್ ಮಾಡಬಹುದಿತ್ತು. ಆಗ ಮಾರ್ಫಿನ್ ಇಷ್ಟು ಬೇಕಾಗುತ್ತಲೇ ಇರಲಿಲ್ಲವೇನೋ. ಮಾಡದಿರಲು ಅವರಿಗೆ ಕಾರಣ ಇದ್ದಿರಬಹುದು. ಕೆಲವು ಮುರಿತಗಳಲ್ಲಿ ಮಾಂಸಖಂಡದೊಳಗೆ ಒತ್ತಡ ಏರಿ ಕಾಲಿಗೇ ಅಪಾಯ ಆಗಬಹುದು ಅನ್ನುವ ಭಯ ಇರುತ್ತದೆ. ಆಗ ನೋವೇ ಮೊದಲ ಸುಳಿವು, ಅದನ್ನು ಪೂರ್ತಿ ಮುಚ್ಚಿಬಿಡಲು ಮೂಳೆ ಡಾಕ್ಟರು ಹಿಂಜರಿಯುತ್ತಾರೆ. ಮುಂದಿನ ಆಪರೇಷನ್ನಿಗೆ ಮೊದಲು ಇದನ್ನು ಬಾಯಿಬಿಟ್ಟು ಕೇಳಿ.

ಈಗ ತಂಗಿಯ ಹೆಸರಿಗೆ ಬರೋಣ.

ಮಾರ್ಫಿನ್ ಜಾಸ್ತಿಯಾದಾಗ ಮೊದಲು ಕೆಡುವುದು ಉಸಿರು ಅಂತ ಹೆಚ್ಚಿನವರು ಅಂದುಕೊಂಡಿರುತ್ತಾರೆ. ಸಾಮಾನ್ಯವಾಗಿ ಮೊದಲು ಕೆಡುವುದು ಎಚ್ಚರ. ಮಿದುಳಿಗೆ ಮಂಪರು ಕವಿಯುತ್ತದೆ, ಆಮೇಲೆ ಗಂಟಲಿನ ಸ್ನಾಯು ಸಡಿಲವಾಗಿ ದಾರಿ ಕಿರಿದಾಗುತ್ತದೆ, ಉಸಿರು ನಿಧಾನವಾಗುತ್ತದೆ, ತೆಳುವಾಗುತ್ತದೆ, ಕಡೆಗೆ ಆಕ್ಸಿಜನ್ ಬೀಳುತ್ತದೆ. ಈ ಸಾಲಿನಲ್ಲಿ ಮಂಪರನ್ನು ಹಿಡಿದರೆ ಕೈಯಲ್ಲಿ ಸಮಯ ಇರುತ್ತದೆ. ಆಕ್ಸಿಜನ್ ಬಿದ್ದಾಗ ಹಿಡಿದರೆ ಓಡಬೇಕಾಗುತ್ತದೆ. ಅದಕ್ಕೇ ನರ್ಸ್ ಮಗುವನ್ನು ಮಾತಾಡಿಸುತ್ತಾರೆ.

ವಾರ್ಡಿನಲ್ಲಿ ಮಂಪರನ್ನು ಅಳೆಯಲು ಒಂದು ಅಳತೆ ಇರುತ್ತದೆ. ಆಸ್ಪತ್ರೆಯಿಂದ ಆಸ್ಪತ್ರೆಗೆ ಸಂಖ್ಯೆಗಳು ಸ್ವಲ್ಪ ಬದಲಾಗಬಹುದು, ತಿರುಳು ಒಂದೇ. ಪೂರ್ತಿ ಎಚ್ಚರ ಇದ್ದರೆ 1. ತೂಕಡಿಸುತ್ತಿದ್ದರೂ ಕರೆದರೆ ಸುಲಭವಾಗಿ ಎದ್ದು ಮಾತು ಮುಗಿಸಿದರೆ 2. ಮಾತಿನ ನಡುವೆಯೇ ಜಾರಿಹೋದರೆ 3. ಅಲುಗಿಸಿದರೂ ಏಳದಿದ್ದರೆ 4. ಮಾಮೂಲಿ ನಿದ್ದೆಗೆ ಬೇರೆ ಗುರುತು ಇರುತ್ತದೆ. 2ರ ತನಕ ಡೋಸ್ ಕೊಡಬಹುದು. 3 ಅಂದರೆ ಮಾರ್ಫಿನ್ ನಿಲ್ಲಿಸಬೇಕು, ಮಗುವಿನ ಪಕ್ಕದಲ್ಲೇ ಇರಬೇಕು. ನಿಮ್ಮ ಮಗ ಅರ್ಧ ಹೆಸರು ಹೇಳಿ ಕಣ್ಣು ಮುಚ್ಚಿದ್ದು ಸರಿಯಾಗಿ ಈ 3. ಆ ನರ್ಸ್ ಸುಮ್ನೆ ಮಾತಾಡಿಸಿದ್ದಲ್ಲ. "ಹೂಂ" ಅಂದುಬಿಟ್ಟರೆ ಸಾಲದು ಅಂತ, ಉತ್ತರ ಹೇಳಲೇಬೇಕಾದ ಪ್ರಶ್ನೆ ಕೇಳಿದ್ದಾರೆ. ಮಾತು ಬಾರದ ಕೂಸಾದರೆ ಕಣ್ಣು ತೆರೆದು ಅಮ್ಮನ ಮುಖ ಹುಡುಕುತ್ತದಾ, ಮುಟ್ಟಿದರೆ ಕೈ ಎಳೆದುಕೊಳ್ಳುತ್ತದಾ, ಹಾಲು ಚೀಪುವಾಗ ನಡುವೆ ಜೋಲುತ್ತದಾ ಅಂತ ನೋಡುತ್ತೇವೆ.

"ಆದರೆ ನರಳಿದನಲ್ಲ, ನೋವು ಇತ್ತು ಅಂತ ತಾನೇ?" ಅಂತ ನೀವು ಕೇಳಬಹುದು. ಹೌದು, ಇತ್ತು. ನೋವೂ ಇದೆ, ಮಂಪರೂ ಜಾಸ್ತಿ ಇದೆ. ಈ ಎರಡೂ ಒಟ್ಟಿಗೆ ಇರಬಹುದು ಅನ್ನುವುದನ್ನು ಅಪ್ಪ ಅಮ್ಮ ಬಿಡಿ, ಹೊಸ ಡಾಕ್ಟರುಗಳಿಗೂ ಒಪ್ಪಿಕೊಳ್ಳುವುದು ಕಷ್ಟ. ಕಾಲು ಅಲುಗಿದ ಕ್ಷಣ ನೋವು ಚುಚ್ಚುತ್ತದೆ, ಮಗು ನರಳುತ್ತದೆ, ಅಲುಗಾಟ ನಿಂತ ಕೂಡಲೇ ಮಂಪರು ಮತ್ತೆ ಎಳೆಯುತ್ತದೆ. ಆ ಕ್ಷಣದ ನರಳಿಕೆಗೆ ಅಂತ ಇನ್ನೂ ಮಾರ್ಫಿನ್ ಹಾಕಿದರೆ, ಉಳಿದ ಐವತ್ತೊಂಬತ್ತು ನಿಮಿಷ ಅಲುಗದೆ ಮಲಗಿರುವ ಮಗುವಿಗೆ ಅದು ಜಾಸ್ತಿಯೇ ಆಗುತ್ತದೆ. ಆಗ ಬೇಕಾಗಿರುವುದು ಮಂಪರು ತರದ ನೋವಿನ ಮದ್ದು. ಪ್ಯಾರಾಸಿಟಮಾಲ್ ಕೆ.ಜಿ.ಗೆ 15 ಮಿ.ಗ್ರಾಂ, ನಿಮ್ಮ ಮಗನಿಗೆ 300 ಮಿ.ಗ್ರಾಂ. ಕಿಡ್ನಿ ಚೆನ್ನಾಗಿದ್ದು ರಕ್ತಸ್ರಾವದ ಭಯ ಇಲ್ಲದಿದ್ದರೆ ಐಬುಪ್ರೊಫೇನ್. ಕಾಲಿನ ಕೆಳಗಿನ ದಿಂಬು ಸರಿಮಾಡುವುದು, ಪಟ್ಟಿ ಬಿಗಿಯಾಗಿದೆಯಾ ನೋಡುವುದು. ಅವರು ಮಾಡಿದ್ದು ಸರಿ.

ನಿದ್ದೆ ಇಂಜೆಕ್ಷನ್ ವಿಷಯದಲ್ಲಿ ನಾನು ಇನ್ನೂ ಖಡಾಖಂಡಿತ. ಮಿಡಜೋಲಾಮ್, ಡಯಾಜೆಪಾಮ್, ಪ್ರೊಮೆಥಜಿನ್ ಯಾವುದೂ ನೋವು ತಗ್ಗಿಸುವುದಿಲ್ಲ. ಮಗು ನೋವನ್ನು ತೋರಿಸಲಾಗದ ಹಾಗೆ ಮಾಡುತ್ತವೆ ಅಷ್ಟೇ. ಮಾರ್ಫಿನ್ ಜೊತೆ ಸೇರಿದರೆ ಉಸಿರನ್ನು ತಗ್ಗಿಸುವುದರಲ್ಲಿ ಎರಡೂ ಒಂದಕ್ಕೊಂದು ಬಲ ಕೊಡುತ್ತವೆ. ತುರಿಕೆಗೆ, ವಾಂತಿಗೆ ಅಂತ ಕೊಡುವ ಕೆಲವು ಹಳೆಯ ಅಲರ್ಜಿ ಮದ್ದುಗಳೂ ಮಂಪರು ತರುತ್ತವೆ. ನೆಗಡಿ ಸಿರಪ್‌ಗಳಲ್ಲೂ ಅವು ಇರುತ್ತವೆ. ಮಗುವಿಗೆ ಬೇರೇನಾದರೂ ಕೊಡುತ್ತಿದ್ದರೆ ವಾರ್ಡಿನವರಿಗೆ ಹೇಳದೆ ಕೊಡಬೇಡಿ.

ಸ್ಕ್ರೀನಿನಲ್ಲಿ 98 ಇತ್ತಲ್ಲ ಅಂದಿರಿ. ಇದು ತುಂಬ ಜನ ನಂಬಿ ಕೂರುವ ಸಂಖ್ಯೆ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬೆರಳಿನ ಕ್ಲಿಪ್ ಅಳೆಯುವುದು ರಕ್ತದಲ್ಲಿ ಆಕ್ಸಿಜನ್ ಎಷ್ಟು ತುಂಬಿದೆ ಅನ್ನುವುದನ್ನು. ಮಗು ಉಸಿರಾಡುತ್ತಿದೆಯಾ ಅನ್ನುವುದನ್ನು ಅದು ಅಳೆಯುವುದಿಲ್ಲ. ಉಸಿರಿಗೆ ಎರಡು ಕೆಲಸ: ಆಕ್ಸಿಜನ್ ಒಳಗೆ ತರುವುದು, ಕಾರ್ಬನ್ ಡೈಆಕ್ಸೈಡ್ ಹೊರಗೆ ಹಾಕುವುದು. ಮಾರ್ಫಿನ್‌ನಿಂದ ಉಸಿರು ಅರ್ಧಕ್ಕೆ ಇಳಿದರೆ ಕಾರ್ಬನ್ ಡೈಆಕ್ಸೈಡ್ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ, ಸುಮಾರು 40 ಇರಬೇಕಾದದ್ದು 80ರ ಕಡೆಗೆ ಹೋಗುತ್ತದೆ. ಮಗು ಬರೀ ಗಾಳಿ ಉಸಿರಾಡುತ್ತಿದ್ದರೆ ಆ ಹೊತ್ತಿಗೆ ಕ್ಲಿಪ್ಪಿನ ಸಂಖ್ಯೆ 90ಕ್ಕಿಂತ ತುಂಬಾ ಕೆಳಗೆ ಬಿದ್ದು ಅಲಾರಂ ಹೊಡೆದುಕೊಳ್ಳುತ್ತದೆ. ಆದರೆ ಮೂಗಿಗೆ ಆಕ್ಸಿಜನ್ ಹಾಕಿ, ಒಳಗೆ ಹೋಗುವ ಗಾಳಿಯಲ್ಲಿ ಆಕ್ಸಿಜನ್ 21ರ ಬದಲು ಶೇ. 30 ಆಗಿದ್ದರೆ, ಅದೇ ಮಗುವಿನಲ್ಲಿ ಅದೇ ಹೊತ್ತಿಗೆ ಕ್ಲಿಪ್ 95ರ ಮೇಲೆಯೇ ತೋರಿಸುತ್ತಿರಬಹುದು. ಸ್ಕ್ರೀನ್ ಹಸಿರಾಗಿರುತ್ತದೆ, ಮಗು ಮುಳುಗುತ್ತಿರುತ್ತದೆ.

ಅದಕ್ಕೇ ಅಗತ್ಯವಿಲ್ಲದೆ ಆಕ್ಸಿಜನ್ ಹಾಕಿಡುವುದು ನನಗೆ ಇಷ್ಟವಿಲ್ಲ. ಬರೀ ಗಾಳಿಯಲ್ಲಿ 96, 97 ಇರುವ ಮಗುವಿಗೆ ಆಕ್ಸಿಜನ್ ತೆಗೆದಿಟ್ಟರೆ ಕ್ಲಿಪ್ ಮೊದಲೇ ಎಚ್ಚರಿಸುತ್ತದೆ. ಆಕ್ಸಿಜನ್ ಬೇಕೇ ಬೇಕು ಅನ್ನುವ ಮಗುವಿಗೆ ಮೂಗಿನ ಹತ್ತಿರ ತೆಳು ಕೊಳವೆ ಇಟ್ಟು ಹೊರಬರುವ ಕಾರ್ಬನ್ ಡೈಆಕ್ಸೈಡ್ ಅಳೆಯುವ ಕ್ಯಾಪ್ನೋಗ್ರಫಿ ಒಳ್ಳೆಯದು. ಪ್ರತಿ ಉಸಿರಿಗೂ ಪರದೆಯ ಮೇಲೆ ಒಂದು ಅಲೆ ಬರುತ್ತದೆ, ಉಸಿರು ನಿಂತರೆ ಕೆಲವೇ ಸೆಕೆಂಡಿನಲ್ಲಿ ಅಲೆ ನಿಲ್ಲುತ್ತದೆ. ಎಲ್ಲ ವಾರ್ಡಿನಲ್ಲೂ ಅದು ಇರುವುದಿಲ್ಲ, ಇದ್ದರೂ ಮಕ್ಕಳು ಆ ಕೊಳವೆ ಕಿತ್ತು ಬಿಸಾಡುತ್ತಾರೆ. ಅಂಥ ಕಡೆ ನರ್ಸ್ ಕಣ್ಣೇ ಕ್ಯಾಪ್ನೋಗ್ರಫಿ. ನೀವೇ ಆ ಆಕ್ಸಿಜನ್ ಕೊಳವೆ ಮುಟ್ಟಬೇಡಿ, ಇದು ಯಾಕೆ ಇದೆ ಅಂತ ಕೇಳಿ ಸಾಕು.

ಉಸಿರು ಎಣಿಸುವುದೂ ಒಂದು ಕೆಲಸ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಮಕ್ಕಳಲ್ಲಿ ಮೋಸ ಹೋಗುತ್ತೇವೆ, ಅವರ ಉಸಿರು ಒಂದೇ ತಾಳದಲ್ಲಿ ಇರುವುದಿಲ್ಲ. ಪೂರ್ತಿ ಒಂದು ನಿಮಿಷ ಎಣಿಸಬೇಕು, ಅದೂ ಮಗುವನ್ನು ಮುಟ್ಟುವ ಮೊದಲು. ಮುಟ್ಟಿದರೆ ಎಚ್ಚರವಾಗಿ ಉಸಿರು ಏರುತ್ತದೆ. ಆರು ವರ್ಷದ ಮಗು ನಿಮಿಷಕ್ಕೆ 20ರ ಆಸುಪಾಸಿನಲ್ಲಿ ಉಸಿರಾಡುತ್ತದೆ, ನಿದ್ದೆಯಲ್ಲಿ ಸ್ವಲ್ಪ ಕಡಿಮೆ. ನಾನು ಒಂದು ಸಂಖ್ಯೆಗಿಂತ ಅದು ಹೋಗುತ್ತಿರುವ ದಿಕ್ಕನ್ನು ನೋಡುತ್ತೇನೆ. 9ಕ್ಕೆ 22, ಒಂಬತ್ತೂವರೆಗೆ 18, 10ಕ್ಕೆ 14 ಅಂತ ಚಾರ್ಟಿನಲ್ಲಿ ಕಂಡರೆ 14 ಕೆಟ್ಟದ್ದೋ ಅಲ್ಲವೋ ಅಂತ ಚರ್ಚೆ ಮಾಡುತ್ತಾ ನಿಲ್ಲುವುದಿಲ್ಲ, ಮುಂದಿನ ಡೋಸ್ ತಡೆಯುತ್ತೇನೆ. ಸಂಖ್ಯೆ ಚೆನ್ನಾಗಿದ್ದು ಉಸಿರು ಕೆಟ್ಟಿರುವುದೂ ಉಂಟು. ಎದೆ ಸರಿಯಾಗಿ ಏಳುವುದಿಲ್ಲ, ಅಥವಾ ಹೊಟ್ಟೆ ಮೇಲೆದ್ದಾಗ ಎದೆ ಒಳಗೆ ಹೋಗುತ್ತದೆ, ಅಥವಾ ಹಿಂದೆಂದೂ ಇಲ್ಲದ ಗೊರಕೆ. ಮಾರ್ಫಿನ್ ಕೊಟ್ಟ ಮಗು ಗೊರಕೆ ಹೊಡೆದರೆ "ಪಾಪ, ಗಾಢ ನಿದ್ದೆ" ಅಂತ ಮನೆಯವರು ಖುಷಿಪಡುತ್ತಾರೆ. ಅದು ದಾರಿ ಅರ್ಧ ಮುಚ್ಚಿರುವ ಸದ್ದು. ತಕ್ಷಣ ಕರೆಯಬೇಕು.

ಇಲ್ಲಿ ಇನ್ನೊಂದು ಮಾತು, ಬಹಳ ಜನಕ್ಕೆ ಗೊತ್ತಿಲ್ಲದ್ದು. ನೋವು ತಾನೇ ಉಸಿರನ್ನು ಎಬ್ಬಿಸಿ ಇಟ್ಟಿರುತ್ತದೆ. ಮುಂಗೈ ಮುರಿದು ಸೊಟ್ಟಗಾದ ಒಬ್ಬ ಹುಡುಗ ಬಂದಿದ್ದಾನೆ ಅನ್ನಿ. ನೋವು ಜೋರು, 2 ಮಿ.ಗ್ರಾಂ ಮಾರ್ಫಿನ್ ಕೊಟ್ಟರೂ ಕೂಗುತ್ತಿದ್ದಾನೆ, ಇನ್ನರ್ಧ ಕೊಟ್ಟು ಮೂಳೆ ಎಳೆದು ಕೂರಿಸಿ ಪಟ್ಟಿ ಕಟ್ಟಿದರು. ಎಳೆದದ್ದೇ ತಡ ನೋವು ಹೋಯಿತು. ಆದರೆ ಮಾರ್ಫಿನ್ ಹೋಗಿಲ್ಲ, ಇನ್ನೂ ಮೂರು ನಾಲ್ಕು ಗಂಟೆ ಇರುತ್ತದೆ. ನೋವಿಗೆ ತಕ್ಕ ಡೋಸ್ ಆಗಿದ್ದದ್ದು ಐದೇ ನಿಮಿಷದಲ್ಲಿ ಜಾಸ್ತಿ ಡೋಸ್ ಆಯಿತು, ಒಂದು ಹನಿ ಹೆಚ್ಚು ಕೊಡದೆಯೂ. ಬ್ಲಾಕ್ ಹಾಕಿದ ಮೇಲೂ ಹೀಗೇ ಆಗುತ್ತದೆ. ಮಗು ಸುಮ್ಮನಾದ ಮೇಲಿನ ಅರ್ಧ ಗಂಟೆಯನ್ನು ಅದಕ್ಕೇ ನಾವು ಅತಿ ಹೆಚ್ಚು ಕಾಯುತ್ತೇವೆ. ರಕ್ತನಾಳಕ್ಕೆ ಕೊಟ್ಟ ಡೋಸ್ ಆದ ಮೇಲೆ ಐದೈದು ನಿಮಿಷಕ್ಕೊಮ್ಮೆ ಸುಮಾರು ಅರ್ಧ ಗಂಟೆ, ಆಮೇಲೆ ಕಡಿಮೆ ಎಂದರೂ ಗಂಟೆಗೊಮ್ಮೆ. ಮೊದಲ ರಾತ್ರಿ ಇದರಲ್ಲಿ ರಿಯಾಯಿತಿ ಇಲ್ಲ. ಅರಿವಳಿಕೆಯ ಉಳಿಕೆ ಮೈಯಲ್ಲಿರುತ್ತದೆ, ಮಗು ದಣಿದಿರುತ್ತದೆ, ಈ ಮದ್ದು ಮೈಗೆ ಹೊಸದು.

ನಿಮ್ಮ ಮಗನ ಉಸಿರು ನಿಜವಾಗಿ ಕೆಟ್ಟಿದ್ದರೆ ಏನು ಮಾಡುತ್ತಿದ್ದರು ಅಂತಲೂ ಹೇಳಿಬಿಡುತ್ತೇನೆ. ಮೊದಲು ಮಾರ್ಫಿನ್ ನಿಲ್ಲಿಸಿ, ಜೋರಾಗಿ ಕರೆದು ಅಲುಗಿಸಿ, ಗದ್ದ ಎತ್ತಿ ದಾರಿ ತೆರೆಯುವುದು. ಎಷ್ಟೋ ಸಲ ಇಷ್ಟಕ್ಕೇ ಮಗು ಉಸಿರೆಳೆದುಕೊಳ್ಳುತ್ತದೆ. ಸಾಲದಿದ್ದರೆ ಆಕ್ಸಿಜನ್, ಮಾಸ್ಕ್ ಇಟ್ಟು ಬ್ಯಾಗ್ ಒತ್ತಿ ಉಸಿರು ಕೊಡುವುದು. ಜೊತೆಗೆ ನಲೋಕ್ಸೋನ್, ಮಾರ್ಫಿನ್‌ಗೆ ಎದುರು ಮದ್ದು. ಮಗುವಿಗೆ ಉಸಿರೇ ನಿಂತಿದ್ದರೆ ಕೆ.ಜಿ.ಗೆ 0.1 ಮಿ.ಗ್ರಾಂನಂತೆ ದೊಡ್ಡ ಡೋಸ್, ನಿಮ್ಮ ಮಗನಿಗಾದರೆ 2 ಮಿ.ಗ್ರಾಂ. ಬರೀ ಮಂಪರು ಜಾಸ್ತಿಯಾಗಿ ಉಸಿರು ನಿಧಾನ ಆಗಿದ್ದರೆ ಅಷ್ಟು ಕೊಡುವುದಿಲ್ಲ, ಯಾಕೆಂದರೆ ನೋವಿನ ಪರಿಹಾರವೂ ಒಂದೇ ಏಟಿಗೆ ಹೋಗಿ ಮಗು ಕಿರುಚುತ್ತಾ ಏಳುತ್ತದೆ. ಆಗ ಕೆ.ಜಿ.ಗೆ 1ರಿಂದ 2 ಮೈಕ್ರೊಗ್ರಾಂ, ಅಂದರೆ 20ರಿಂದ 40 ಮೈಕ್ರೊಗ್ರಾಂ, ಒಂದೆರಡು ನಿಮಿಷಕ್ಕೊಮ್ಮೆ, ಉಸಿರು ಸರಿಯಾಗುವ ತನಕ. ನಲೋಕ್ಸೋನ್ ಕೊಟ್ಟು ಮಗು ಎದ್ದರೆ ಮುಗಿಯಿತು ಅಂತಲ್ಲ. ಅದರ ಕೆಲಸ ಅರ್ಧ ಗಂಟೆಯಿಂದ ಒಂದು ಗಂಟೆಯ ಒಳಗೆ ಇಳಿಯುತ್ತದೆ, ಮಾರ್ಫಿನ್ ಇನ್ನೂ ಮೈಯಲ್ಲಿರುತ್ತದೆ, ಮಗು ಮತ್ತೆ ಮಂಪರಿಗೆ ಜಾರಬಹುದು. ಅದಕ್ಕೇ ಆ ಮಗುವನ್ನು ಇನ್ನೂ ಕೆಲವು ಗಂಟೆ ಹತ್ತಿರದಿಂದ ನೋಡಬೇಕು.

ಕೆಲವು ಮಕ್ಕಳಲ್ಲಿ ಮೊದಲಿನಿಂದಲೇ ಡೋಸ್ ಇಳಿಸುತ್ತೇವೆ. ಆರು ತಿಂಗಳೊಳಗಿನ ಕೂಸುಗಳಲ್ಲಿ ಯಕೃತ್ತು ಮಾರ್ಫಿನ್ನನ್ನು ಬೇಗ ಕರಗಿಸಲಾರದು. ಕಿಡ್ನಿ ಕೆಟ್ಟಿದ್ದರೆ ಮಾರ್ಫಿನ್‌ನಿಂದ ಹುಟ್ಟುವ ಇನ್ನೊಂದು ವಸ್ತು ಹೊರಹೋಗದೆ ಸೇರಿಕೊಳ್ಳುತ್ತದೆ, ಅದಕ್ಕೂ ಮಂಪರು ತರುವ ಶಕ್ತಿ ಇದೆ. ದಪ್ಪ ಇರುವ ಮಗುವಿಗೆ ತಕ್ಕಡಿಯ ತೂಕಕ್ಕೆ ಲೆಕ್ಕ ಹಾಕಿದರೆ ಜಾಸ್ತಿಯಾಗುತ್ತದೆ, ಎತ್ತರಕ್ಕೆ ತಕ್ಕ ತೂಕ ಹಿಡಿಯಬೇಕು. ರಾತ್ರಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟುವ, ಟಾನ್ಸಿಲ್ ದೊಡ್ಡದಿರುವ ಮಗುವಿಗೆ ಅರ್ಧ ಡೋಸಿನಿಂದ ಶುರು. ರಾತ್ರಿ ಪದೇ ಪದೇ ಆಕ್ಸಿಜನ್ ಬೀಳುವ ಮಕ್ಕಳಲ್ಲಿ ಈ ಮದ್ದಿಗೆ ಮಿದುಳು ಹೆಚ್ಚು ಸೂಕ್ಷ್ಮವಾಗಿರುತ್ತದೆ. ನಿಮ್ಮ ಮಗ ಮನೆಯಲ್ಲಿ ಗೊರಕೆ ಹೊಡೆಯುತ್ತಾನಾ? ನೀವು ಬರೆದಿಲ್ಲ. ಹೊಡೆಯುವುದಾದರೆ ಅರಿವಳಿಕೆ ಡಾಕ್ಟರಿಗೆ ಹೇಳಲೇಬೇಕು, ಎಷ್ಟೋ ಮನೆಯವರು ಅದನ್ನು ಕಾಯಿಲೆ ಅಂದುಕೊಳ್ಳದೆ ಬಿಟ್ಟುಬಿಡುತ್ತಾರೆ.

ಚಟದ ಮಾತು. ಆಪರೇಷನ್ ನೋವಿಗೆ ಅಂತ ಮೂರು ನಾಲ್ಕು ದಿನ, ಆಸ್ಪತ್ರೆಯಲ್ಲಿ, ಅಳತೆ ಮಾಡಿ ಕೊಟ್ಟ ಮಾರ್ಫಿನ್‌ನಿಂದ ಆರು ವರ್ಷದ ಮಗುವಿಗೆ ಚಟ ಹಿಡಿಯುತ್ತದೆ ಅನ್ನುವ ಭಯ ಬೇಡ. ಜನ ಇದರ ಜೊತೆ ಬೆರೆಸಿಬಿಡುವ ಇನ್ನೊಂದು ಸಂಗತಿ ಇದೆ. ಮಾರ್ಫಿನ್ ಒಂದು ವಾರದ ಹತ್ತಿರ ಸತತವಾಗಿ ಹೋಗಿದ್ದರೆ ಮೈ ಅದಕ್ಕೆ ಒಗ್ಗಿಕೊಳ್ಳುತ್ತದೆ, ಥಟ್ಟನೆ ನಿಲ್ಲಿಸಿದರೆ ಬೆವರು, ಆಕಳಿಕೆ, ನಡುಕ, ಭೇದಿ, ಸಿಡಿಮಿಡಿ ಬರುತ್ತವೆ. ಅದು ಮೈಯ ಪ್ರತಿಕ್ರಿಯೆ, ಯಾವ ಮಗುವಿಗೂ ಯಾವ ದೊಡ್ಡವರಿಗೂ ಆಗಬಹುದು. ದಿನಕ್ಕೆ ಶೇ. 10ರಿಂದ 20ರಷ್ಟು ಇಳಿಸುತ್ತಾ ಬಂದರೆ ತೊಂದರೆ ಇಲ್ಲದೆ ನಿಲ್ಲುತ್ತದೆ. ಚಟದ ಭಯಕ್ಕೆ ಮಗುವಿನ ನೋವನ್ನು ಮುಚ್ಚಿಡುವ, "ಸ್ವಲ್ಪ ತಡ್ಕೊ ಮರಿ" ಅನ್ನುವ ಅಪ್ಪ ಅಮ್ಮಂದಿರನ್ನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ನೋವಿದ್ದರೆ ಮಗು ಆಳವಾಗಿ ಉಸಿರೆಳೆಯುವುದಿಲ್ಲ, ಕೆಮ್ಮುವುದಿಲ್ಲ, ಕಾಲು ಊರುವುದಿಲ್ಲ, ಅದರಿಂದಲೇ ಬೇರೆ ತೊಡಕು.

ಮುಂದಿನ ಆಪರೇಷನ್ನಿನಲ್ಲಿ ಗುಂಡಿ ಒತ್ತಿದರೆ ಮದ್ದು ಬರುವ ಪಂಪ್ ಕೊಡಬಹುದು. ಆರು ವರ್ಷದ ಚುರುಕು ಮಗು ಅದನ್ನು ಕಲಿಯುತ್ತದೆ. ಒಮ್ಮೆ ಒತ್ತಿದರೆ ಸುಮಾರು 0.4 ಮಿ.ಗ್ರಾಂ, ಆಮೇಲೆ ಐದು ಹತ್ತು ನಿಮಿಷ ಎಷ್ಟು ಒತ್ತಿದರೂ ಬರುವುದಿಲ್ಲ. ಈ ಪಂಪಿನ ನಿಜವಾದ ಕಾವಲು ಆ ಬೀಗವಲ್ಲ, ಮಗುವಿನ ಮಂಪರೇ. ಮಂಪರಾದ ಮಗು ಗುಂಡಿ ಒತ್ತುವುದಿಲ್ಲ, ಮದ್ದು ತಾನಾಗಿ ನಿಲ್ಲುತ್ತದೆ. ಮಗು ಮಲಗಿದಾಗ ಪ್ರೀತಿಯಿಂದ ಅಪ್ಪನೋ ಅಮ್ಮನೋ ಅಜ್ಜಿಯೋ ಒತ್ತಿಬಿಟ್ಟರೆ ಆ ಕಾವಲು ಮುರಿದುಹೋಗುತ್ತದೆ. ನೀವು ಒಂದು ಸಲವೂ ಒತ್ತಬೇಡಿ. ಮಗುವಿಗೆ ಒತ್ತಲು ಆಗದಿದ್ದರೆ ನರ್ಸ್ ಒತ್ತುವ ವ್ಯವಸ್ಥೆ ಇದೆ, ಅವರು ಮಂಪರು ನೋಡಿಯೇ ಒತ್ತುತ್ತಾರೆ.

ಮನೆಗೆ ಕಳಿಸುವಾಗ ಬಾಯಿಗೆ ಹಾಕುವ ಮಾರ್ಫಿನ್ ಸಿರಪ್ ಬರೆದುಕೊಟ್ಟರೆ ಒಂದು ಗಲಿಬಿಲಿ ಆಗುತ್ತದೆ. ಬಾಯಿಯ ಡೋಸ್ ಕೆ.ಜಿ.ಗೆ 0.2 ಮಿ.ಗ್ರಾಂನಿಂದ ಶುರು, ಅಂದರೆ ನಿಮ್ಮ ಮಗನಿಗೆ 4 ಮಿ.ಗ್ರಾಂ. ಆಸ್ಪತ್ರೆಯಲ್ಲಿ ಒಟ್ಟು 2, ಮನೆಯಲ್ಲಿ 4 ಯಾಕೆ ಅಂತ ಗಾಬರಿ ಬೇಡ. ಬಾಯಿಂದ ಹೋದದ್ದರಲ್ಲಿ ಹೆಚ್ಚಿನ ಪಾಲನ್ನು ಯಕೃತ್ತು ಮೊದಲೇ ಕರಗಿಸುತ್ತದೆ, ಮೂರನೇ ಒಂದು ಭಾಗ ಮಾತ್ರ ರಕ್ತಕ್ಕೆ ಸೇರುತ್ತದೆ. ಗಾಬರಿ ಬೇಕಾದದ್ದು ಅಳತೆಯಲ್ಲಿ. ಸಿರಪ್ ಒಂದು ಮಿ.ಲೀ.ಗೆ 1 ಮಿ.ಗ್ರಾಂ ಇರಬಹುದು, 2 ಇರಬಹುದು, 10 ಕೂಡ ಇರಬಹುದು. "4 ಮಿ.ಗ್ರಾಂ" ಅಂತ ಬರೆದದ್ದನ್ನು "4 ಮಿ.ಲೀ." ಅಂತ ಓದಿ ಗಟ್ಟಿ ಸಿರಪ್ ಹಾಕಿದರೆ ಹತ್ತು ಪಟ್ಟು ಆಯಿತು. ಡಾಕ್ಟರ ಎದುರಿಗೇ ಸಿರಿಂಜಿನಲ್ಲಿ ಎಷ್ಟು ಗೆರೆಯ ತನಕ ಅಂತ ಗುರುತು ಹಾಕಿಸಿಕೊಳ್ಳಿ, ಚಮಚ ಬಳಸಬೇಡಿ. ಡೋಸ್ ಕೊಡುವ ಮೊದಲು ಪ್ರತಿ ಸಲವೂ ಮಗುವನ್ನು ಎಬ್ಬಿಸಿ ಮಾತಾಡಿಸಿ. ಮಾತು ಮುಗಿಸದೆ ಜಾರಿದರೆ ಆ ಡೋಸ್ ಕೊಡಬೇಡಿ, ಡಾಕ್ಟರಿಗೆ ಫೋನ್ ಮಾಡಿ. ಕರೆದರೆ ಏಳದಿದ್ದರೆ, ತುಟಿ ನೀಲಿಯಾದರೆ, ಉಸಿರು ನಿಂತು ನಿಂತು ಬರುತ್ತಿದ್ದರೆ ಗದ್ದ ಎತ್ತಿ ಹಿಡಿದು ಆಂಬುಲೆನ್ಸ್ ಕರೆಯಿರಿ, ಏಳುತ್ತಾನೇನೋ ಅಂತ ಕಾಯಬೇಡಿ.

ಕೊಡೀನ್ ಅಥವಾ ಟ್ರಮಡಾಲ್ ಸಿರಪ್ "ಮಾರ್ಫಿನ್‌ಗಿಂತ ಮೃದು" ಅಂತ ಯಾರಾದರೂ ಕೊಟ್ಟರೆ ಒಪ್ಪಬೇಡಿ. ಕೊಡೀನ್ ಕೆಲಸ ಮಾಡುವುದೇ ಮೈಯೊಳಗೆ ಮಾರ್ಫಿನ್ ಆಗಿ ಬದಲಾದ ಮೇಲೆ. ಆ ಬದಲಾವಣೆ ಕೆಲವು ಮಕ್ಕಳಲ್ಲಿ ಆಗುವುದೇ ಇಲ್ಲ, ನೋವು ಹಾಗೇ ಉಳಿಯುತ್ತದೆ. ಕೆಲವರಲ್ಲಿ ವಿಪರೀತ ಬೇಗ ಆಗುತ್ತದೆ. ಟಾನ್ಸಿಲ್ ಆಪರೇಷನ್ ಆದ ಮಕ್ಕಳು ಮಾಮೂಲಿ ಡೋಸಿಗೇ ತೀರಿಕೊಂಡದ್ದಿದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2013ರಲ್ಲಿ ಟಾನ್ಸಿಲ್ ಆಪರೇಷನ್ ಆದ ಮಕ್ಕಳಿಗೆ ಕೊಡೀನ್ ಬೇಡ ಎಂದಿತು, 2017ರಲ್ಲಿ 12 ವರ್ಷದೊಳಗಿನವರಿಗೆ ನೋವಿಗಾಗಿ ಎರಡನ್ನೂ ಕೊಡಬಾರದು ಎಂದಿತು. ಅಳತೆ ಗೊತ್ತಿರುವ ಮಾರ್ಫಿನ್ನೇ ಇವೆರಡಕ್ಕಿಂತ ವಾಸಿ.

ಮುಂದಿನ ತಿಂಗಳು ಅರಿವಳಿಕೆ ಡಾಕ್ಟರನ್ನು ಭೇಟಿಯಾದಾಗ "ಮಾರ್ಫಿನ್ ಕೊಟ್ಟಿದ್ದರು" ಅಂತ ಮಾತ್ರ ಹೇಳಿದರೆ ಸಾಲದು. 20 ಕೆ.ಜಿ.ಗೆ ಅರ್ಧ ಗಂಟೆಯೊಳಗೆ 1, ಅರ್ಧ, ಅರ್ಧ, ಒಟ್ಟು 2 ಮಿ.ಗ್ರಾಂ ಹೋಯಿತು, ಅದಕ್ಕೆ ಅಳು ನಿಂತಿತು, ಆದರೆ ಒಂದು ಗಂಟೆಯ ಮೇಲೆ ಮಾತಿನ ನಡುವೆ ಜಾರುವಷ್ಟು ಮಂಪರಾಯಿತು ಅಂತ ಹೇಳಿ. ಇದು ಅವರಿಗೆ ಚಿನ್ನದಂಥ ಮಾಹಿತಿ. ಬ್ಲಾಕ್ ಹಾಕಿ, ಪ್ಯಾರಾಸಿಟಮಾಲ್ ಮೊದಲೇ ಶುರು ಮಾಡಿ, ಮಾರ್ಫಿನ್ ಒಂದೂವರೆಯ ಹತ್ತಿರ ನಿಲ್ಲಿಸಿ ನೋಡೋಣ ಅಂತ ಅವರು ಲೆಕ್ಕ ಹಾಕಬಹುದು. ನಿಖರ ಹೊತ್ತು, ಉಸಿರಿನ ಎಣಿಕೆ, ಮಂಪರಿನ ಅಂಕ ಡಿಸ್ಚಾರ್ಜ್ ಪತ್ರದಲ್ಲಿ ಇಲ್ಲದಿದ್ದರೂ ವಾರ್ಡಿನ ಚಾರ್ಟಿನಲ್ಲಿ ಇರುತ್ತದೆ, ಅದರ ಒಂದು ಪ್ರತಿ ಕೇಳಿ ತೆಗೆದುಕೊಂಡು ಹೋಗಿ.